ಅಕ್ಕನ ಖಾತೆಗೆ ಬೀಗ ಹಾಕಿದ್ದು ತಪ್ಪೇ?

ಪ್ರಶ್ನೆ: ಮಂಗಳೂರಿನಲ್ಲಿ ಗೇರುಬೀಜ ರಫ್ತು ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಆಫೀಸು ಕೆಲಸಕ್ಕಿದ್ದೇನೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಎಂಬ ಕಾರಣಕ್ಕೆ ನಮ್ಮ ಗೂಗಲ್ ವರ್ಕ್‌ಸ್ಪೇಸ್‌ಗೆ ಅಡ್ಮಿನ್ ಕೂಡ ನಾನೇ. ಹೋದ ತಿಂಗಳು ಒಂದು ಸಂಜೆ ದುಬೈಯ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಬ್ಯಾಂಕ್ ಖಾತೆ ಬದಲಾಯಿತೇ?" ಎಂದು ಕೇಳಿದರು. ಹಾಗೆಂದು ಬರೆದ ಮೇಲ್ ನಮ್ಮ ಅಕೌಂಟ್ಸ್ ಅಕ್ಕನ ವಿಳಾಸದಿಂದಲೇ ಹೋಗಿತ್ತು. ಅಕ್ಕ ಅಂದು ರಜೆ ಹಾಕಿ ಕುಂದಾಪುರದ ಮದುವೆಗೆ ಹೋಗಿದ್ದರು. ಲಾಗಿನ್ ದಾಖಲೆ ನೋಡಿದರೆ ಹಿಂದಿನ ರಾತ್ರಿ ಎರಡು ಗಂಟೆಗೆ ಬೇರೆ ದೇಶದಿಂದ ಯಾರೋ ಒಳಗೆ ಬಂದಿದ್ದರು. ಯಜಮಾನರು "ಮೊದಲು ಎಲ್ಲ ಕಟ್ ಮಾಡು" ಎಂದರು. ಅಷ್ಟರಲ್ಲಿ ಹೊಸ ನಂಬರಿನಿಂದ ವಾಟ್ಸ್‌ಆ್ಯಪ್ ಬಂತು: "ನಾನು ಅಕ್ಕ, ಫೋನ್ ನೀರಿಗೆ ಬಿತ್ತು, ಕೋಡ್ ಬರುತ್ತಿಲ್ಲ, ಟು-ಸ್ಟೆಪ್ ತೆಗೆದುಬಿಡು." ನಾನು ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿಸಿದೆ, ಟು-ಸ್ಟೆಪ್ ಕೂಡ ತೆಗೆದೆ. ಅಕ್ಕನಿಗೆ ತೊಂದರೆಯಾದೀತೆಂದು ಪಾಸ್‌ವರ್ಡ್ ಮುಟ್ಟಲಿಲ್ಲ. ಮರುದಿನ ಕೇಳಿದರೆ ಆ ಮೆಸೇಜ್ ಅವರದ್ದಲ್ಲವಂತೆ! ಈಗ ಅಕ್ಕ, "ನನ್ನನ್ನು ಒಂದು ಮಾತು ಕೇಳದೆ ಹೊರಗೆ ಹಾಕಿದೆ, ಕಳ್ಳಿ ಅಂದುಕೊಂಡೆಯಾ?" ಎಂದು ಮುಖ ಕೊಟ್ಟು ಮಾತಾಡುತ್ತಿಲ್ಲ. ನಾನು ಮಾಡಿದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು?

— ಹೆಸರು ಬೇಡ, ಮಂಗಳೂರು

ಉತ್ತರ: ಕೇಳದೆ ಸೈನ್ ಔಟ್ ಮಾಡಿಸಿದ್ದು ಸರಿ. ಕಳ್ಳ ಒಳಗಿರುವಾಗ ಅನುಮತಿಗಾಗಿ ಕಾಯುವ ಹಾಗಿಲ್ಲ. ಟು-ಸ್ಟೆಪ್ ತೆಗೆದದ್ದು ಮಾತ್ರ ತಪ್ಪು, ಅದೂ ಹಳೆಯ ಪಾಸ್‌ವರ್ಡ್ ಇದ್ದಹಾಗೇ. ಅಂದು ರಾತ್ರಿಯಿಡೀ ಆ ಖಾತೆಗೆ ಕಾವಲಿದ್ದದ್ದು ಕಳ್ಳನಿಗೆ ಆಗಲೇ ಗೊತ್ತಿದ್ದ ಒಂದು ಪಾಸ್‌ವರ್ಡ್ ಅಷ್ಟೇ. ಆದ್ದರಿಂದ ಮೊದಲು ಅಡ್ಮಿನ್ ಕನ್ಸೋಲಿನ `Reporting` ಭಾಗದಲ್ಲಿ `User log events` ತೆರೆದು, ನೀವು ಟು-ಸ್ಟೆಪ್ ತೆಗೆದ ಗಳಿಗೆಯಿಂದ ಮರುದಿನ ಬೆಳಿಗ್ಗೆಯವರೆಗಿನ ಲಾಗಿನ್‌ಗಳನ್ನು ನೋಡಿ. ಅಪರಿಚಿತ ಐಪಿ ವಿಳಾಸ ಕಂಡರೆ ಕಳ್ಳ ಎರಡನೇ ಸಲವೂ ಬಂದಿದ್ದಾನೆ ಎಂದೇ ತಿಳಿದು, ಕೆಳಗೆ ಹೇಳುವುದನ್ನೆಲ್ಲ ಮೊದಲಿನಿಂದ ಮಾಡಿ.

ಟು-ಸ್ಟೆಪ್ ಇದ್ದೂ ಅವನು ಹೇಗೆ ನುಗ್ಗಿದ? ಅಕ್ಕನನ್ನು ಸಮಾಧಾನವಾಗಿ ಒಂದು ಪ್ರಶ್ನೆ ಕೇಳಿ: ಆ ಮೊದಲಿನ ದಿನಗಳಲ್ಲಿ ಯಾವುದಾದರೂ ಲಿಂಕ್ ಒತ್ತಿ, ಗೂಗಲ್‌ನಂತೆಯೇ ಕಾಣುವ ಪುಟದಲ್ಲಿ ಪಾಸ್‌ವರ್ಡ್ ಹಾಕಿ, ಫೋನಿಗೆ ಬಂದ ಕೋಡನ್ನೂ ಕೊಟ್ಟಿದ್ದರೇ? ಇಂಥ ನಕಲಿ ಪುಟ ನಡುವೆ ನಿಂತು, ಅಕ್ಕ ಕೊಟ್ಟದ್ದನ್ನು ಆ ಕ್ಷಣವೇ ಅಸಲಿ ಗೂಗಲ್‌ಗೆ ದಾಟಿಸುತ್ತದೆ. ಲಾಗಿನ್ ಆದಮೇಲೆ ಗೂಗಲ್ ಬ್ರೌಸರಿಗೆ ಕೊಡುವ ಕುಕಿ ಕಳ್ಳನ ಕೈಸೇರುತ್ತದೆ. ವಸ್ತುಪ್ರದರ್ಶನದ ಗೇಟಿನಲ್ಲಿ ಕೈಗೆ ಒತ್ತುವ ಮುದ್ರೆಯಂತೆ ಈ ಕುಕಿ. ಅದಿದ್ದವರನ್ನು ಮತ್ತೆ ಟಿಕೆಟ್ ಕೇಳುವುದಿಲ್ಲ. ಅಂಥ ಲಿಂಕ್ ಒತ್ತಿದ ನೆನಪೇ ಅಕ್ಕನಿಗಿಲ್ಲ ಎಂದರೆ ಅವರ ಲ್ಯಾಪ್‌ಟಾಪಿನ ಮೇಲೆ ಅನುಮಾನ ಪಡಬೇಕು. ಪುಕ್ಕಟೆ ಸಿಗುವ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಬರುವ ವೈರಸ್‌ಗಳು ಬ್ರೌಸರಿನೊಳಗಿನ ಕುಕಿಗಳನ್ನೇ ಕದಿಯುತ್ತವೆ. ಹಾಗಾಗಿದ್ದರೆ ಆ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡುವವರೆಗೆ ಅದರಲ್ಲಿ ಹೊಸ ಪಾಸ್‌ವರ್ಡ್ ಹಾಕಿಸಬೇಡಿ. ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಮಾಡಬೇಕಿದ್ದ ಕ್ರಮ. ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ: ಅಕ್ಕ ಇಲ್ಲದೆಯೂ ತಕ್ಷಣ ಮಾಡಬೇಕಾದದ್ದು ಒಂದು, ಅಕ್ಕ ಎದುರಿಗಿದ್ದಾಗ ಮಾತ್ರ ಮಾಡಬೇಕಾದದ್ದು ಇನ್ನೊಂದು.

ತಕ್ಷಣದ ಕೆಲಸವನ್ನು ನಿಮ್ಮ ಕಂಪ್ಯೂಟರಿನಿಂದಲೇ ಮಾಡಬಹುದು. `admin.google.com`ಗೆ ಹೋಗಿ `Directory > Users`ನಲ್ಲಿ ಅಕ್ಕನ ಹೆಸರು ತೆರೆಯಿರಿ. ಮೊದಲು ಪಾಸ್‌ವರ್ಡ್ ಬದಲಿಸಿ. ಆಮೇಲೆ `Security` ಭಾಗದಲ್ಲಿ ಸೈನ್-ಇನ್ ಕುಕಿಗಳನ್ನು ರೀಸೆಟ್ ಮಾಡಿ. ಎಲ್ಲ ಫೋನು, ಕಂಪ್ಯೂಟರುಗಳಿಂದ ಹೊರಹಾಕುವ ಗುಂಡಿ ಅದೇ. ಒತ್ತಿದ ಕೂಡಲೇ ಕಳ್ಳ ಆಚೆ ಬಿದ್ದ ಎಂದುಕೊಳ್ಳಬೇಡಿ. ತೆರೆದಿರುವ ಜಿಮೇಲ್ ಮುಚ್ಚಲು ಒಂದು ಗಂಟೆಯವರೆಗೂ ಹಿಡಿಯಬಹುದು. ಆ ಹೊತ್ತಿನಲ್ಲಿ ಗಿರಾಕಿಗಳಿಗೆ ಫೋನ್ ಮಾಡಿ ಎಚ್ಚರಿಸಿ. ಫೋನನ್ನೇ ಮಾಡಿ, ಅದೂ ಹಳೆಯ ಇನ್‌ವಾಯ್ಸಿನಲ್ಲಿರುವ ನಂಬರಿಗೆ. ಅದೇ ಮೇಲ್ ಖಾತೆಯಿಂದ ಎಚ್ಚರಿಕೆ ಕಳಿಸಿದರೆ ಅದನ್ನು ಕಳ್ಳನೂ ಓದಿಯಾನು. ನಂತರ ಅದೇ ಪುಟದ `Connected applications` ನೋಡಿ, ಅಕ್ಕನ ಖಾತೆಯೊಳಗೆ ಬರಲು ಅನುಮತಿ ಪಡೆದ ಅಪರಿಚಿತ ಆ್ಯಪ್‌ಗಳಿದ್ದರೆ ತೆಗೆಯಿರಿ. ಕುಕಿ ರೀಸೆಟ್ ಮಾಡಿದ ಮಾತ್ರಕ್ಕೆ ಆ ಅನುಮತಿ ಹೋಗಿದೆ ಎಂದು ನಂಬಿ ಕೂರಬೇಡಿ.

ಟು-ಸ್ಟೆಪ್ ಅನ್ನು ಈ ಹಂತದಲ್ಲಿ ಮುಟ್ಟುವಂತಿಲ್ಲ. ಪಾಸ್‌ವರ್ಡ್, ಕುಕಿ ಬದಲಿಸಿದ್ದೂ ಸಾಲದು, ಪೂರ್ತಿ ನಿಲ್ಲಿಸಲೇಬೇಕು ಅನ್ನಿಸಿದರೆ ಖಾತೆಯನ್ನು ಸಸ್ಪೆಂಡ್ ಮಾಡಬಹುದು. ಆದರೆ ಸಸ್ಪೆಂಡ್ ಆದ ವಿಳಾಸಕ್ಕೆ ಬರುವ ಮೇಲ್‌ಗಳು ವಾಪಸ್ ಹೋಗುತ್ತವೆ. ರಫ್ತು ವ್ಯವಹಾರದಲ್ಲಿ ಅದೂ ಒಂದು ನಷ್ಟ. ನಿಮ್ಮಂಥ ಪರಿಸ್ಥಿತಿಯಲ್ಲಿ ಪಾಸ್‌ವರ್ಡ್ ಮತ್ತು ಕುಕಿ ಎರಡನ್ನೂ ಬದಲಿಸಿ ಬೆಳಿಗ್ಗೆಯವರೆಗೆ ಕಾಯಬಹುದಿತ್ತು.

ಅಕ್ಕ ಎದುರು ಬಂದು ಕೂತಮೇಲೆ ಎರಡನೇ ಪಾಲು. ಕಳ್ಳ ಒಳಗಿದ್ದಾಗ ತನ್ನದೊಂದು ಫೋನನ್ನೋ ಪಾಸ್‌ಕೀಯನ್ನೋ ಸೇರಿಸಿಟ್ಟಿರಬಹುದು. ಅಡ್ಮಿನ್ ಟು-ಸ್ಟೆಪ್ ಆಫ್ ಮಾಡಿದರೆ ನೋಂದಾಯಿಸಿದ ಎರಡನೇ ಹಂತಗಳೆಲ್ಲ ಅಳಿಸಿಹೋಗುತ್ತವೆ, ಅಕ್ಕನದ್ದೂ ಕಳ್ಳನದ್ದೂ. ಈ ರೀಸೆಟ್‌ನ ಉಪಯೋಗ ಅದೇ, ಅಪಾಯವೂ ಅದೇ. ಹಾಗಾಗಿ ಆಫ್ ಮಾಡುವುದು, ಅಕ್ಕ ತಾವೇ ಹೊಸ ಪಾಸ್‌ವರ್ಡ್ ಹಾಕುವುದು, ಟು-ಸ್ಟೆಪ್ ಮತ್ತೆ ನೋಂದಾಯಿಸುವುದು, ಮೂರೂ ಒಂದೇ ಸಲಕ್ಕೆ ಮುಗಿಯಬೇಕು. ಅಡ್ಮಿನ್‌ಗೆ ಬೇರೆಯವರ ಪರವಾಗಿ ಟು-ಸ್ಟೆಪ್ ಆನ್ ಮಾಡಲು ಬರುವುದಿಲ್ಲ, ಅದನ್ನು ಅವರವರೇ ಮಾಡಬೇಕು. ಸಾಧ್ಯವಾದರೆ ಈ ಸಲ ಸೆಕ್ಯುರಿಟಿ ಕೀ ಅಥವಾ ಪಾಸ್‌ಕೀ ಹಾಕಿಸಿ. ನಕಲಿ ಪುಟದ ವಿಳಾಸ ಬೇರೆಯಾದ್ದರಿಂದ ಅಲ್ಲಿ ಅವು ಕೆಲಸವೇ ಮಾಡುವುದಿಲ್ಲ.

ಮುಂದೆ ನಿಮ್ಮ ಸಂಸ್ಥೆ ಟು-ಸ್ಟೆಪ್ ಅನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಒಬ್ಬರಿಗೆ ಮಾತ್ರ ಆಫ್ ಮಾಡಲು ಬಿಡುವುದಿಲ್ಲ. ಆಗ ಅದೇ ಪುಟದಲ್ಲಿ ಬ್ಯಾಕಪ್ ಕೋಡ್‌ಗಳನ್ನು ತೆಗೆದು, ಒಂದನ್ನು ಅಕ್ಕನ ಕೈಗೆ ಕೊಡಿ. ಅವರು ಒಳಗೆ ಹೋಗಿ ತಮ್ಮದಲ್ಲದ ಫೋನು, ಕೀಗಳನ್ನು ತಾವೇ ಅಳಿಸಲಿ. ಆ ಕೋಡನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಡಿ.

ಇಲ್ಲಿಗೆ ಕಳ್ಳ ಹೊರಗೆ. ಆದರೆ ಅವನು ಬಿಟ್ಟುಹೋದದ್ದು ಒಳಗೇ ಇರುತ್ತದೆ. ಪಾಸ್‌ವರ್ಡಿಗೂ ಕುಕಿಗೂ ಅದು ಜಗ್ಗುವುದಿಲ್ಲ. ಅಕ್ಕನ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ `Filters and Blocked Addresses` ತೆರೆಸಿ. ಬ್ಯಾಂಕ್ ಖಾತೆ ಬದಲಿಸುವ ವಂಚನೆಯಲ್ಲಿ ಸಾಮಾನ್ಯವಾಗಿ ಇಂಥದ್ದೊಂದು ಸಿಗುತ್ತದೆ:

```
Matches: invoice OR payment OR bank
Do this: Skip Inbox, Mark as read
```

ಎರಡೇ ಸಾಲು. ಗಿರಾಕಿ "ಇದು ನಿಜವೇ?" ಎಂದು ಬರೆದರೆ ಆ ಮೇಲ್ ಇನ್‌ಬಾಕ್ಸಿಗೆ ಬರುವುದೇ ಇಲ್ಲ, ಓದಿದ ಗುರುತು ಹಾಕಿಕೊಂಡು ಹಿಂದೆ ಸರಿಯುತ್ತದೆ. ದುಬೈಯವರು ಫೋನ್ ಮಾಡದೆ ಮೇಲ್ ಮಾಡಿದ್ದರೆ ಅಕ್ಕನಿಗೆ ಅದು ಕಾಣುತ್ತಲೇ ಇರಲಿಲ್ಲವೇನೋ. ಪಕ್ಕದ `Forwarding and POP/IMAP`ನಲ್ಲಿ ಅಪರಿಚಿತ ವಿಳಾಸಕ್ಕೆ ಮೇಲ್ ಹೋಗುತ್ತಿದೆಯೇ, `Accounts` ಭಾಗದಲ್ಲಿ ಬೇರೆ ಯಾರಿಗಾದರೂ ಖಾತೆ ನೋಡುವ ಹಕ್ಕು ಕೊಟ್ಟಿದೆಯೇ ಎಂದೂ ನೋಡಿಸಿ.

ಈಗ ಆ ವಾಟ್ಸ್‌ಆ್ಯಪ್ ಮೆಸೇಜಿನ ವಿಷಯ. ನೀವೊಬ್ಬರೇ ಅದಕ್ಕೆ ಬಿದ್ದವರಲ್ಲ. 2023ರ ಆಗಸ್ಟ್‌ನಲ್ಲಿ, ಲಾಗಿನ್ ಭದ್ರತೆಯದ್ದೇ ವ್ಯಾಪಾರ ಮಾಡುವ ಅಮೆರಿಕದ ಓಕ್ಟಾ ಕಂಪನಿ ತನ್ನ ಗ್ರಾಹಕರಿಗೆ ಇದೇ ಎಚ್ಚರಿಕೆ ಕೊಟ್ಟಿತ್ತು: ವಂಚಕರು ಐಟಿ ಸಹಾಯವಾಣಿಗೆ ಕರೆ ಮಾಡಿ, ದೊಡ್ಡ ಅಧಿಕಾರವಿರುವ ಖಾತೆಗಳ ಎರಡನೇ ಹಂತವನ್ನು ರೀಸೆಟ್ ಮಾಡಿಸಿಕೊಳ್ಳುತ್ತಿದ್ದಾರೆ ಎಂದು. ಕಳ್ಳನಿಗೆ ಬೀಗ ಒಡೆಯುವುದಕ್ಕಿಂತ ಬೀಗದ ಕೈ ಇರುವವರನ್ನು ಕೇಳುವುದು ಸುಲಭ. ಹಾಗಾಗಿ ರೀಸೆಟ್ ಕೇಳಿ ಯಾರೇ ಬರೆದರೂ ಅದೇ ಸಂದೇಶಕ್ಕೆ ಉತ್ತರ ಕೊಡದೆ, ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ನೀವೇ ಕರೆ ಮಾಡಿ. ಫೋನ್ ನಿಜಕ್ಕೂ ನೀರಿಗೆ ಬಿದ್ದಿದ್ದರೆ ಮನೆಯವರ ನಂಬರಿಗೆ ಮಾಡಿ, ವೀಡಿಯೊದಲ್ಲಿ ಮುಖ ನೋಡಿ. ಅದೂ ಆಗದಿದ್ದರೆ ಅವರು ಆಫೀಸಿಗೆ ಬರುವವರೆಗೆ ರೀಸೆಟ್ ಇಲ್ಲ. ಯಜಮಾನರಿಗೂ ಇದೇ ನಿಯಮ.

ಅಕ್ಕನ ಬೇಸರಕ್ಕೆ ಬರೋಣ. "ಕಳ್ಳಿ ಅಂದುಕೊಂಡೆಯಾ" ಎಂಬ ಮಾತಿನ ಹಿಂದೆ ಇನ್ನೊಂದು ಭಯವೂ ಇರಬಹುದು: ಖಾತೆ ನಿನ್ನ ಕೈಗೆ ಬಂದಾಗ ನನ್ನ ಮೇಲ್ ಎಲ್ಲ ಓದಿದೆಯಾ ಎಂಬುದು. ಅದಕ್ಕೆ ಮಾತಿಗಿಂತ ದಾಖಲೆ ಒಳ್ಳೆಯ ಉತ್ತರ. ನೀವು ಒತ್ತಿದ ಒಂದೊಂದು ಗುಂಡಿಯೂ ಸಮಯದ ಸಮೇತ `Admin log events`ನಲ್ಲಿದೆ; ಆ ಪುಟವನ್ನು ಅಕ್ಕನ ಮುಂದೆ ತೆರೆಯಿರಿ. ಅದರ ಪಕ್ಕದಲ್ಲೇ ರಾತ್ರಿ ಎರಡರ ವಿದೇಶಿ ಲಾಗಿನ್ ತೋರಿಸಿ. ಮೇಲ್ ಕಳಿಸಿದ್ದು ಅಕ್ಕ ಅಲ್ಲ ಎಂಬುದಕ್ಕೆ ಯಜಮಾನರ ಎದುರು ಅದೇ ಸಾಕ್ಷಿ. ಫಿಲ್ಟರ್ ಹುಡುಕುವ ಕೆಲಸವನ್ನು ಅವರ ಖಾತೆಗೆ ನೀವು ಲಾಗಿನ್ ಆಗಿ ಮಾಡದೆ ಅವರ ಕೈಯಿಂದಲೇ ಮಾಡಿಸಿ ಎಂದದ್ದೂ ಈ ಕಾರಣಕ್ಕೆ. ಹಾಗೆಯೇ, ಸೈನ್ ಔಟ್ ಆದದ್ದು ಆಫೀಸಿನ ಖಾತೆ ಮಾತ್ರ, ಅದೇ ಫೋನಿನಲ್ಲಿರುವ ಸ್ವಂತ ಜಿಮೇಲ್ ಮತ್ತು ಅದರ ಫೋಟೊಗಳಿಗೆ ಏನೂ ಆಗಿಲ್ಲ ಎಂದು ಹೇಳಿ. ಟು-ಸ್ಟೆಪ್ ತೆಗೆದ ವಿಷಯವನ್ನು ಮುಚ್ಚಿಡಬೇಡಿ. ಅದು ನಿಮ್ಮಿಂದಾದ ಲೋಪ, ಅವರದ್ದಲ್ಲ ಎಂದು ಯಜಮಾನರಿಗೂ ತಿಳಿಸಿ.

ಕೊನೆಯದಾಗಿ, ಗಿರಾಕಿ ಹಣ ಕಳಿಸಲಿಲ್ಲ ಎಂದು ವಿಷಯವನ್ನು ಆಫೀಸಿನೊಳಗೇ ಮುಗಿಸುವಂತಿಲ್ಲ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು ಇಂಥ ಅಕ್ರಮ ಪ್ರವೇಶವನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಆ ಗಡುವು ದಾಟಿದ್ದರೂ ಈಗಲಾದರೂ ಯಜಮಾನರಿಂದ ವರದಿ ಮಾಡಿಸಿ. ಬೇರೆ ಯಾವ ಗಿರಾಕಿಯಾದರೂ ಆ ಹೊಸ ಖಾತೆಗೆ ಹಣ ಹಾಕಿದ್ದು ಗೊತ್ತಾದರೆ ಕೂಡಲೇ ಅವರ ಬ್ಯಾಂಕಿಗೆ ಹೇಳಿಸಿ, ಇಲ್ಲಿ 1930ಕ್ಕೆ ಕರೆ ಮಾಡಿ. ದೂರಿಗೆ ಬೇಕಾಗುವ ಲಾಗಿನ್ ದಾಖಲೆಗಳನ್ನು ಇಂದೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕನ್ಸೋಲಿನಲ್ಲಿ ಅವು ಆರು ತಿಂಗಳು ಮಾತ್ರ ಇರುತ್ತವೆ.