30-40ರ ಸೈಟಿನಲ್ಲಿ ಕಬಡ್ಡಿ ಕಲಿಸಿದ್ದು

ಲಗ್ಗೆರೆಯ ನಮ್ಮ ಬೀದಿಯಲ್ಲಿ ಮಕ್ಕಳು ಆಡುತ್ತಿದ್ದದ್ದು ನಿಲ್ಲಿಸಿದ ಟೆಂಪೋಗಳ ಸಂದಿಯಲ್ಲಿ. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸಿಗೂ ಹೋಗುವವರ ಮನೆಗಳೇ ಸುತ್ತಮುತ್ತ. ಸಂಜೆ ಅಪ್ಪ ಅಮ್ಮ ಬರುವತನಕ ಮಕ್ಕಳು ಬೀದಿಯಲ್ಲೇ ಇರುತ್ತಿದ್ದರು. ನಾನೂ ಪೀಣ್ಯದಲ್ಲಿ ಲೇತ್ ಕೆಲಸದವನು. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ. ಮುಂದೆ ರಜೆ ಹೊಂದಿಸಿಕೊಂಡು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನೂ ಮುಗಿಸಿದ್ದೆ. 2017ರಲ್ಲಿ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನ ಮಾಲೀಕರು, "ಕಟ್ಟೋವರೆಗೂ ಆಡಿಸ್ಕೊಳ್ಳಪ್ಪ, ಕಸ ಹಾಕೋದಾದ್ರೂ ತಪ್ಪುತ್ತೆ" ಅಂದರು. ತಿಂಗಳಿಗೆ 400 ರೂಪಾಯಿ ಫೀಸಿಟ್ಟು ಕಬಡ್ಡಿ ತರಗತಿ ಶುರು ಮಾಡಿದೆ.

ಕಾಂಗ್ರೆಸ್ ಗಿಡ ಕಿತ್ತು, ಗಾಜಿನ ಚೂರು ಆಯುವುದಕ್ಕೇ ಎರಡು ಭಾನುವಾರ ಹಿಡಿಯಿತು. ಆಮೇಲೆ ಮೂರು ಟ್ರ್ಯಾಕ್ಟರ್ ಕೆಮ್ಮಣ್ಣು ಹೊಡೆಸಿದೆ. 1200 ಚದರಡಿಗೆ ಮೂರು ಇಂಚು ಮಣ್ಣು ಹರಡಲು ಹೆಚ್ಚುಕಡಿಮೆ ಅಷ್ಟು ಬೇಕು. ನೀರು ಹೊಡೆದು, ದಿಮ್ಮಸು ಹಾಕಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಹೆಂಗಸರ ಕಬಡ್ಡಿ ಅಂಗಣದ ಅಳತೆ 12 ಮೀಟರ್ ಉದ್ದ, 8 ಮೀಟರ್ ಅಗಲ. 30-40ರ ಸೈಟೆಂದರೆ 12 ಮೀಟರಿಗೆ ತುಸು ಮೇಲೆ ಉದ್ದ, 9ಕ್ಕೆ ತುಸು ಮೇಲೆ ಅಗಲ. ಅಂಗಣ ಅಚ್ಚುಕಟ್ಟಾಗಿ ಕೂತಿತು. ಅಳತೆಗೆ ಹೊಲಿಸಿದ ಹಾಗಿದೆ ಎಂದು ಅಂದು ಹಿಗ್ಗಿದ್ದೆ.

ಆ ಅಳತೆಯಲ್ಲೇ ತಪ್ಪಿತ್ತು. ಗೆರೆಯಿಂದ ಪಕ್ಕದ ಕಾಂಪೌಂಡಿಗೆ ಎರಡಡಿಯೂ ಇರಲಿಲ್ಲ. ಎರಡು ತುದಿಗಳಲ್ಲಂತೂ ಒಂದು ಗೇಣೂ ಉಳಿದಿರಲಿಲ್ಲ. ಕಬಡ್ಡಿಯಲ್ಲಿ ರೈಡರನ್ನು ಹಿಡಿಯಲಾಗದಿದ್ದರೆ ಹೊರಗೆ ತಳ್ಳುತ್ತಾರೆ. ಹಾಗೆ ತಳ್ಳಿಸಿಕೊಂಡವನು ಗೆರೆ ದಾಟಿದ ಮೇಲೂ ಎರಡು ಮೂರು ಹೆಜ್ಜೆ ಹೋಗಿಯೇ ನಿಲ್ಲುವುದು. ಎರಡನೇ ತಿಂಗಳಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಹಾಗೆ ಹೋಗಿ ಗೋಡೆಗೆ ಕೈ ಊರಿದ. ಅಳಲಿಲ್ಲ, ಮುಂಗೈಯನ್ನು ಎದೆಗೆ ಅವಚಿಕೊಂಡು ನಿಂತ. ಎಕ್ಸ್‌ರೇಯಲ್ಲಿ ಮೂಳೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿತ್ತು, ಹಸಿ ಕಡ್ಡಿ ಮುರಿದ ಹಾಗೆ. ಎಳೆಯ ಮೂಳೆ ಮುರಿಯುವುದೇ ಹೀಗೆ ಎಂದು ಡಾಕ್ಟರು ಪಟ್ಟಿ ಹಾಕಿದರು. ಖರ್ಚು ನಾನೇ ಕೊಟ್ಟೆ. ಅವನ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ರಾತ್ರಿಯೇ ಗೆರೆ ಅಳಿಸಿದೆ. ನಾಲ್ಕೂ ಗೋಡೆಗಳಿಂದ ಐದೈದು ಅಡಿ ಬಿಟ್ಟು ಹೊಸ ಗೆರೆ ಎಳೆದಾಗ ಉಳಿದದ್ದು 20 ಅಡಿ ಅಗಲ, 30 ಅಡಿ ಉದ್ದ. ಸೈಟಿನ ಸರಿಯಾಗಿ ಅರ್ಧ ಜಾಗ ಆಟದಿಂದ ಹೊರಗೆ ಹೋಯಿತು. ಏಳೇಳು ಜನರ ತಂಡದ ಬದಲು ಮೂರ್ಮೂರು ಜನರ ತಂಡ ಮಾಡಿದೆ. ರೈಡರನ್ನು ಹಿಡಿಯಬಹುದು, ಪಕ್ಕಕ್ಕೆ ತಳ್ಳುವಂತಿಲ್ಲ ಎಂದು ನಮ್ಮದೇ ನಿಯಮ ಬಂತು. ಓಟಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸತೊಡಗಿದೆ: ಕೊನೆಯ ಮೂರು ಹೆಜ್ಜೆ ಚಿಕ್ಕದಾಗಬೇಕು, ಮಂಡಿ ಬಾಗಬೇಕು, ಸೊಂಟ ಕೆಳಗಿಳಿಯಬೇಕು. ನೆಟ್ಟಗೆ ನಿಂತೇ ಬ್ರೇಕ್ ಹಾಕುವ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಇದು ಬರುವತನಕ ಯಾರನ್ನೂ ರೈಡಿಗೆ ಬಿಡುತ್ತಿರಲಿಲ್ಲ.

ಮೂರ್ಮೂರು ಜನ ಆಡಿದರೆ ಉಳಿದವರ ಗತಿ? 24 ಮಕ್ಕಳಲ್ಲಿ ಆರು ಜನ ಅಂಗಣದಲ್ಲಿ, ಹದಿನೆಂಟು ಜನ ಗೋಡೆಗೆ ಒರಗಿಕೊಂಡು. ಒಂದು ಸಂಜೆ ಒಬ್ಬಳೇ ಹುಡುಗಿಯ ಮೇಲೆ ಕಣ್ಣಿಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. ಒಂದು ಗಂಟೆಯಲ್ಲಿ ಅವಳು ಮೈ ಆಡಿಸಿದ್ದು ಒಂಬತ್ತು ನಿಮಿಷ. ಫೀಸು ತೆಗೆದುಕೊಂಡು ಮಗುವನ್ನು ಐವತ್ತೊಂದು ನಿಮಿಷ ನಿಲ್ಲಿಸಿದ್ದೆ ನಾನು. ಮರುದಿನದಿಂದ ಹನ್ನೆರಡು ಜನರ ಎರಡು ಬ್ಯಾಚ್ ಮಾಡಿದೆ. ಆರು ಜನ ಆಡುವಾಗ, ಗೋಡೆಯ ಕಡೆಗೆ ಬಿಟ್ಟ ಜಾಗದಲ್ಲಿ ಅಲ್ಲ, ಮನೆ ಮುಂದಿನ ಕಾರ್ ಶೆಡ್ಡಿನಲ್ಲಿ ಉಳಿದ ಆರು ಜನರಿಗೆ ಚಾಪೆಯ ಮೇಲೆ ಉರುಳುವುದು, ಕಪ್ಪೆ ಕೂರುವಿಕೆ, ಒಬ್ಬರ ಪಾದ ಇನ್ನೊಬ್ಬರು ಮುಟ್ಟುವ ಆಟ. ಐದು ನಿಮಿಷಕ್ಕೊಮ್ಮೆ ಅದಲುಬದಲು.

ಮಳೆಗಾಲದಲ್ಲಿ ಕೆಮ್ಮಣ್ಣು ಕೆಸರಾದಾಗ ಮಕ್ಕಳನ್ನು ಟೆರೇಸಿಗೆ ಹತ್ತಿಸಿದೆ. ಸುತ್ತ ಎದೆಮಟ್ಟದ ಪ್ಯಾರಾಪೆಟ್ ಇತ್ತು, ಆದರೂ ಅಲ್ಲಿ ಓಡಿಸುವ ಧೈರ್ಯ ಬರಲಿಲ್ಲ. ಸ್ಕಿಪ್ಪಿಂಗ್ ಹಗ್ಗ ಕೊಟ್ಟೆ. ಮಕ್ಕಳಿಗೂ ಹುಚ್ಚು ಹಿಡಿಯಿತು, ನಾನೂ ಎಣಿಕೆ ಏರಿಸುತ್ತಾ ಹೋದೆ. ಮೂರು ವಾರ ಕಳೆದ ಮೇಲೆ ಒಬ್ಬಾಕೆ ಮಗಳನ್ನು ಕರೆದುಕೊಂಡು ಬಂದರು. "ಅಣ್ಣಾ, ಇವ್ಳು ತುದಿಗಾಲಲ್ಲೇ ಮೆಟ್ಲು ಹತ್ತುತ್ತಾಳೆ. ಬಿದ್ದಿಲ್ಲ, ಏಟೂ ಆಗಿಲ್ಲ." ಹುಡುಗಿಗೆ ಹತ್ತು ವರ್ಷ. ಊತ ಇಲ್ಲ, ಗಾಯ ಇಲ್ಲ. ಮೂಳೆ ಡಾಕ್ಟರು ಹಿಮ್ಮಡಿಯ ಎರಡೂ ಬದಿ ಬೆರಳಿನಲ್ಲಿ ಅದುಮಿದಾಗ ಮಾತ್ರ ಕಾಲೆಳೆದುಕೊಂಡಳು. ಸುಮಾರು ಎಂಟರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಹಿಂಭಾಗ ಇನ್ನೂ ಬೆಳೆಯುತ್ತಿರುತ್ತದೆ, ಮೀನಖಂಡದ ಸ್ನಾಯುರಜ್ಜು ಅಲ್ಲೇ ಬಂದು ಸೇರಿ ಪ್ರತಿ ಜಿಗಿತದಲ್ಲೂ ಅದನ್ನು ಎಳೆಯುತ್ತದೆ ಎಂದು ಅವರು ವಿವರಿಸಿದರು. ಬೆಳವಣಿಗೆ ಮುಗಿದ ಮೇಲೆ ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ನೋವಿದ್ದಾಗ ಜಿಗಿತ ಕಡಿಮೆ ಮಾಡಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ದಿನಕ್ಕೆ ಎಷ್ಟು ಸಲ ಹಾರಿಸ್ತೀರಿ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ನಿಮಿಷಕ್ಕೆ ನೂರರಂತೆ ಎರಡು ನಿಮಿಷದ ಮೂರು ಸುತ್ತು ಎಂದರೆ 600 ಜಿಗಿತ. ವಾರಕ್ಕೆ ಐದು ದಿನ, 3000. ಅದೂ ಬರಿಯ ಕಾಂಕ್ರೀಟಿನ ಮೇಲೆ, ಅಟ್ಟೆ ಸವೆದ ಸ್ಕೂಲಿನ ಕ್ಯಾನ್ವಾಸ್ ಶೂ ಹಾಕಿಕೊಂಡು. ಬೇರೆ ಮಕ್ಕಳ ಹಿಮ್ಮಡಿಯನ್ನೂ ಅದುಮಿ ನೋಡಿದೆ. ಇನ್ನೂ ಮೂವರು ಮುಖ ಕಿವುಚಿದರು. ಆಟ ತಪ್ಪುತ್ತದೆಂದು ಅವರು ಹೇಳಿಕೊಂಡೇ ಇರಲಿಲ್ಲ.

ಈಗ ಜಿಗಿತವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹಗ್ಗ ದಿನ ಬಿಟ್ಟು ದಿನ, ಒಂದು ಸಲಕ್ಕೆ 200ರ ಮೇಲೆ ಇಲ್ಲ, ಕೆಳಗೆ ಫೋಮ್ ಮ್ಯಾಟ್ ಇರಲೇಬೇಕು. ತರಗತಿ ಶುರುವಾಗುವ ಮೊದಲು ಎಲ್ಲರನ್ನೂ ಬರಿಗಾಲಲ್ಲಿ ಹಿಮ್ಮಡಿ ಊರಿ ಹತ್ತು ಹೆಜ್ಜೆ ನಡೆಸುತ್ತೇನೆ. "ನೋವಿದೆಯಾ" ಎಂದು ಕೇಳಿದರೆ ಮಕ್ಕಳು ಇಲ್ಲ ಅನ್ನುತ್ತಾರೆ. ಹೆಜ್ಜೆ ಸುಳ್ಳು ಹೇಳುವುದಿಲ್ಲ. ಯಾರು ತುದಿಗಾಲಿಗೆ ಬರುತ್ತಾರೋ ಅವರಿಗೆ ಅಂದು ಜಿಗಿತವಿಲ್ಲ, ಕೈ ಹಿಡಿತ, ಉರುಳುವುದು ಮಾತ್ರ. ಎರಡು ವಾರವಾದರೂ ಕಡಿಮೆಯಾಗದಿದ್ದರೆ, ಊತ ಬಂದರೆ ಅಥವಾ ರಾತ್ರಿಯೂ ನೋಯುತ್ತದೆ ಎಂದರೆ ಡಾಕ್ಟರ ಬಳಿಗೆ ಕಳಿಸುತ್ತೇನೆ. ಅದು ಬೆಳೆಯುವ ನೋವೇ ಎಂದು ತೀರ್ಮಾನಿಸುವುದು ಕೋಚ್ ಕೆಲಸವಲ್ಲ.

2019ರಲ್ಲಿ ಸೈಟಿನ ಮಾಲೀಕರು ಪಾಯ ತೆಗೆಸಿದರು. ಬಾಯಿಮಾತಿನ ಜಾಗ, ಕೇಳುವಂತಿರಲಿಲ್ಲ. ಹೊಡೆಸಿದ ಕೆಮ್ಮಣ್ಣೂ ಪಾಯದ ಮಣ್ಣಿನ ಜೊತೆ ಹೋಯಿತು. ನಾನು ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮೇಡಮ್ಮನವರ ಹತ್ತಿರ ಹೋದೆ. ಸಂಜೆ ನಾಲ್ಕೂವರೆಗೆ ಬೀಗ ಬೀಳುವ ಅಂಗಳ ಅದು. ಅವರು ಶಾಲಾಭಿವೃದ್ಧಿ ಸಮಿತಿಯ ಮುಂದಿಟ್ಟು ಬರಹದಲ್ಲೇ ಒಪ್ಪಿಗೆ ಕೊಟ್ಟರು. ಆ ಶಾಲೆಯ ಮಕ್ಕಳಿಂದ ಫೀಸು ತೆಗೆದುಕೊಳ್ಳುವಂತಿಲ್ಲ, ಗುಡಿಸಿ ಬೀಗ ಹಾಕುವುದು ನನ್ನ ಹೊಣೆ, ಹೆಣ್ಣುಮಕ್ಕಳ ಬ್ಯಾಚಿಗೆ ಒಬ್ಬ ತಾಯಿಯಾದರೂ ಇರಬೇಕು. ಮೂರನೆಯ ಷರತ್ತು ನನಗೇ ಹೊಳೆಯಬೇಕಿತ್ತು. ಅದು ಬಂದ ಮೇಲೆ ಏಳು ಇದ್ದ ಹುಡುಗಿಯರು ಹದಿನಾರಾದರು.

ಶಾಲೆಯ ಅಂಗಳ ನಮ್ಮ ಸೈಟಿನ ಎರಡರಷ್ಟಿದೆ. ಅಲ್ಲೂ ಗೋಡೆಯಿಂದ ಐದಡಿ ಬಿಟ್ಟೇ ಗೆರೆ ಎಳೆಯುತ್ತೇನೆ.