ಮುಟ್ಟಿಗಿಂತ ಮೊದಲು ನೋಡಬೇಕಾದ್ದು

ತಡವಳದ ಚಿ. ಸೌ. ತಂಗಿಗೆ, ಚಿಗವ್ವನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನಿಮ್ಮ ಅತ್ತಿಗೆ ಕೇಳಿಸಬಾರದೆಂದು ನೀನು ಪಿಸುಗುಟ್ಟಿದ್ದರಲ್ಲಿ ನನಗೆ ಅರ್ಧ ತಿಳಿಯಿತು, ಉಳಿದರ್ಧ ಊಹಿಸಿಕೊಂಡೆ. ಮಗಳಿಗೆ ಏಳು ವರ್ಷ ನಾಲ್ಕು ತಿಂಗಳು. ಮೂರು ತಿಂಗಳ ಹಿಂದೆ ಎಡಗಡೆ ಮೊಲೆತೊಟ್ಟಿನ ಕೆಳಗೆ ಗಟ್ಟಿ ಗಂಟು ಬಂದಿತ್ತು, ಈಗ ಬಲಗಡೆಯೂ ಬಂದಿದೆ. ಅತ್ತಿ, ‘ಇನ್ನೂ ದೊಡ್ಡಾಕಿ ಆಗಿಲ್ಲಲ್ಲ, ಯಾಕ ಹೆದರತಿ’ ಎಂದರಂತೆ. ಆಸ್ಪತ್ರೆಯಲ್ಲಿ ನರ್ಸ್ ಆಗಿ ವಯಸ್ಸು ಕಳೆದವಳಾದ್ದರಿಂದ ಇದಕ್ಕೆ ಸಾವಕಾಶವಾಗಿ ಉತ್ತರ ಬರೆಯುತ್ತಿದ್ದೇನೆ. ನಿನ್ನಂಥ ಬೇರೆ ತಾಯಂದಿರೂ ಓದಲೆಂದು, ಹೆಸರು ಬಿಟ್ಟು, ಪತ್ರಿಕೆಗೂ ಕೊಡುತ್ತೇನೆ.

ಅತ್ತಿ ಕೆಟ್ಟದ್ದೇನೂ ಹೇಳಲಿಲ್ಲ. ಆದರೆ ನಮ್ಮ ಕಡೆ ಹುಡುಗಿ ಬೆಳೆದಳು ಎಂದು ಲೆಕ್ಕ ಹಿಡಿಯುವುದೇ ಮುಟ್ಟಿನಿಂದ. ಆರತಿ ಮಾಡುವುದೂ ಉಡಿ ತುಂಬುವುದೂ ಆಮೇಲೆ. ದೇಹದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಕೊನೆಯ ಘಟ್ಟ. ಮೊದಲು ಎದೆ ಮೂಡುತ್ತದೆ. ಸಾಮಾನ್ಯವಾಗಿ ಎಂಟರಿಂದ ಹದಿಮೂರು ವರ್ಷದೊಳಗೆ ಯಾವಾಗಲಾದರೂ ಇದು ಶುರುವಾಗಬಹುದು. ಅದಾಗಿ ಕೆಲವು ತಿಂಗಳಿಗೆ ಕೆಳಗಡೆ ಕೂದಲು ಕಾಣುತ್ತವೆ. ಕೆಲವರಿಗೆ ಕೂದಲೇ ಮೊದಲು ಬರುವುದೂ ಉಂಟು. ಅದೇ ಹೊತ್ತಿಗೆ ಎತ್ತರ ಸರ್ರನೆ ಏರುತ್ತದೆ. ಎದೆ ಮೂಡಿ ಎರಡು, ಎರಡೂವರೆ ವರ್ಷಕ್ಕೆ ಮುಟ್ಟು. ಮುಟ್ಟಾದ ಮೇಲೆ ಉಳಿಯುವ ಎತ್ತರ ಹೆಚ್ಚಿನವರಿಗೆ ಐದಾರು ಸೆಂಟಿಮೀಟರು, ಅಷ್ಟೆ. ಈ ಕ್ರಮವನ್ನು ಇಂಗ್ಲೆಂಡಿನ ಮಾರ್ಷಲ್ ಮತ್ತು ಟ್ಯಾನರ್ ಎಂಬ ವೈದ್ಯರು 192 ಹುಡುಗಿಯರನ್ನು ವರ್ಷಗಟ್ಟಲೆ ನೋಡಿ 1969ರಲ್ಲಿ ಬರೆದಿಟ್ಟರು. ಇವತ್ತಿಗೂ ಡಾಕ್ಟರು ‘ಟ್ಯಾನರ್ ಎರಡು’, ‘ಟ್ಯಾನರ್ ಮೂರು’ ಎಂದು ಚೀಟಿಯಲ್ಲಿ ಬರೆಯುವುದು ಅದನ್ನೇ. ಒಂದೆಂದರೆ ಇನ್ನೂ ಮಗು, ಎರಡೆಂದರೆ ಎದೆ ಈಗಷ್ಟೇ ಮೂಡಿದೆ, ಐದೆಂದರೆ ಪೂರಾ ಬೆಳೆದ ಹೆಂಗಸು.

ಹಾಗಾಗಿ ಬೇಗ ಶುರುವಾದ ಮಗುವಿನ ವಿಷಯದಲ್ಲಿ ಮುಟ್ಟಿನವರೆಗೆ ಕಾಯುವುದೆಂದರೆ ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಹೋದಂತೆ. ಈಸ್ಟ್ರೋಜನ್ ಹಾರ್ಮೋನು ಮೊದಲು ಎಲುಬನ್ನು ಜೋರಾಗಿ ಬೆಳೆಸುತ್ತದೆ, ಆಮೇಲೆ ಎಲುಬಿನ ತುದಿಯ ಬೆಳೆಯುವ ಪದರನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಇಂಥ ಹುಡುಗಿ ಎರಡನೆಯ ಇಯತ್ತೆಯಲ್ಲಿ ಸಾಲಿನ ಹಿಂದೆ ನಿಲ್ಲುವಷ್ಟು ಎತ್ತರ ಇದ್ದು, ಹತ್ತನೆಯದಕ್ಕೆ ಬರುವಾಗ ಮುಂದೆ ನಿಲ್ಲುವಷ್ಟು ಕುಳ್ಳಗಾಗಬಹುದು. ‘ನಮ್ಮ ಹುಡುಗಿ ಎಷ್ಟ್ ಚಂದ ಬೆಳಿಯಾಕತ್ಯಾಳ’ ಎಂದು ಮನೆಯವರು ಹಿಗ್ಗುವ ವರ್ಷವೇ ಒಮ್ಮೊಮ್ಮೆ ಡಾಕ್ಟರರ ಕಡೆ ಹೋಗಬೇಕಾದ ವರ್ಷ.

ಈಗ ನಿನ್ನ ಮಗಳ ಸಂಗತಿಗೆ ಬಾ. ಮೊದಲು, ಅದು ಗಂಟೋ ಬರೀ ಕೊಬ್ಬೋ ನೋಡಬೇಕು. ಮೈತುಂಬಿದ ಮಕ್ಕಳಿಗೆ ಕೂತಾಗ ಎದೆ ಬಂದಂತೆ ಕಾಣುತ್ತದೆ. ಅಂಗಾತ ಮಲಗಿಸಿ ತೊಟ್ಟಿನ ಕೆಳಗೆ ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಕೊಬ್ಬು ಮೆತ್ತಗೆ ಹರಡಿಕೊಳ್ಳುತ್ತದೆ; ಗ್ರಂಥಿಯಾದರೆ ಗುಂಡಿಯಂತೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಸ್ವಲ್ಪ ನೋವೂ ಇರುತ್ತದೆ. ನೀನು ಹೇಳಿದ್ದು ಎರಡನೆಯದರಂತಿದೆ. ಮೊದಲು ಒಂದೇ ಕಡೆ ಬರುವುದು ಸಹಜ, ಇನ್ನೊಂದು ಕಡೆ ತಿಂಗಳುಗಟ್ಟಲೆ ತಡವಾಗಬಹುದು. ಇದೊಂದು ಮಾತು ನೆನಪಿಟ್ಟುಕೋ: ಗಡ್ಡೆ ಎಂದು ಹೆದರಿ ಯಾರಾದರೂ ‘ಕೊಯ್ದು ತೆಗೆಸಿ’ ಎಂದರೆ ಒಪ್ಪಬೇಡ. ಆ ಮೊಗ್ಗನ್ನು ತೆಗೆದರೆ ಮುಂದೆ ಆ ಕಡೆ ಎದೆಯೇ ಬೆಳೆಯುವುದಿಲ್ಲ.

ಎರಡನೆಯದು ವೇಗ. ಶಾಲೆಯಲ್ಲಿ ಹೋದ ವರ್ಷ ಅಳೆದಾಗ 117 ಸೆಂಟಿಮೀಟರು, ಈಗ 125 ಎಂದೆ. ವರ್ಷಕ್ಕೆ ಎಂಟು. ಈ ವಯಸ್ಸಿನ ಮಗು ಸಾಮಾನ್ಯವಾಗಿ ಐದಾರು ಬೆಳೆಯುತ್ತದೆ. ಎಂಟು ತುಂಬುವ ಮೊದಲೇ ಎದೆ, ಎರಡೂ ಕಡೆ, ಜೊತೆಗೆ ಎತ್ತರದ ಓಟ. ಮೂರೂ ಕೂಡಿದ್ದರಿಂದ ನಾನು ಇನ್ನು ಕಾಯು ಎನ್ನುವುದಿಲ್ಲ. ಎರಡು ವರ್ಷದೊಳಗಿನ ಕೂಸಿಗೆ ಎದೆ ಸ್ವಲ್ಪ ಉಬ್ಬಿ, ಬೇರೇನೂ ಆಗದೆ, ಹಾಗೇ ಇಳಿದುಹೋಗುವುದುಂಟು. ಏಳು ವರ್ಷದ ಹುಡುಗಿಗೆ ಕಂಕುಳ ಬೆವರು ನಾರಿ ನಾಲ್ಕು ಕೂದಲಷ್ಟೇ ಬಂದಿದ್ದರೆ ಅದು ಹೆಚ್ಚಾಗಿ ಅಡ್ರೀನಲ್ ಗ್ರಂಥಿ ಬೇಗ ಎಚ್ಚರಾದದ್ದು. ಒಮ್ಮೆ ತೋರಿಸಿ ಎತ್ತರದ ಮೇಲೆ ಕಣ್ಣಿಟ್ಟರೆ ಸಾಕು. ಆದರೆ ಅದರ ಜೊತೆಗೆ ದನಿ ಒಡೆದರೆ, ಮೊಡವೆ ಎದ್ದರೆ, ಕೂದಲು ಬೇಗ ಬೇಗ ಹೆಚ್ಚಿದರೆ ತಡ ಮಾಡಬಾರದು. ಎದೆಯೇ ಮೂಡದ ಮಗುವಿಗೆ ರಕ್ತ ಕಂಡರೂ ಅದನ್ನು ಮುಟ್ಟು ಎಂದುಕೊಳ್ಳಬೇಡಿ. ಒಳಗೆ ಏನೋ ಸಿಕ್ಕಿಕೊಂಡಿರಬಹುದು, ಸೋಂಕಿರಬಹುದು, ಗಡ್ಡೆಯಿರಬಹುದು, ಮಗುವಿಗೆ ಯಾರೋ ಕೇಡು ಮಾಡಿರಲೂಬಹುದು. ಅವತ್ತೇ ತೋರಿಸಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆಂದು ಕೇಳಿದೆ. ಮೊದಲು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ. ಅದರಿಂದ ಎಲುಬಿನ ವಯಸ್ಸು ತಿಳಿಯುತ್ತದೆ. ಏಳರ ಮಗುವಿಗೆ ಎಲುಬು ಒಂಬತ್ತರದ್ದಾಗಿದ್ದರೆ ಹಾರ್ಮೋನು ನಿಜಕ್ಕೂ ಕೆಲಸ ಮಾಡುತ್ತಿದೆ ಎಂದರ್ಥ. ಆಮೇಲೆ ಬೆಳಗಿನ ರಕ್ತ ಪರೀಕ್ಷೆ: ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಡಯೋಲ್, ಥೈರಾಯ್ಡ್. ಇದರಲ್ಲಿ ಮುಖ್ಯವಾದದ್ದು ಎಲ್‌ಎಚ್. ಅದು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. 0.3ಕ್ಕಿಂತ ಹೆಚ್ಚಿದ್ದರೆ ಅಪ್ಪಣೆ ಮೇಲಿನಿಂದಲೇ ಹೊರಟಿದೆ ಎಂದು ಹೆಚ್ಚಾಗಿ ತಿಳಿಯುತ್ತಾರೆ. ಕಡಿಮೆ ಬಂದರೆ ಏನೂ ಇಲ್ಲವೆಂದು ಮನೆಗೆ ಬರುವಂತಿಲ್ಲ. ಶುರುವಿನಲ್ಲಿ ಎಲ್‌ಎಚ್ ರಾತ್ರಿ ಹೊತ್ತೇ ಹೆಚ್ಚು ಹರಿಯುತ್ತದೆ. ಆಗ ಒಂದು ಇಂಜೆಕ್ಷನ್ ಕೊಟ್ಟು, ಗಂಟೆ ನೋಡಿಕೊಂಡು ಮತ್ತೆ ರಕ್ತ ತೆಗೆದು, ಐದು ದಾಟುತ್ತದೆಯೋ ಎಂದು ನೋಡುತ್ತಾರೆ. ಎಲ್‌ಎಚ್ ಇಲ್ಲದೆ ಈಸ್ಟ್ರಡಯೋಲ್ ಮಾತ್ರ ಏರಿದ್ದರೆ ಅಂಡಾಶಯದಲ್ಲಿ ನೀರುಗುಳ್ಳೆ ಇದೆಯೋ, ಮನೆಯಲ್ಲಿ ಯಾರಾದರೂ ಹಚ್ಚುವ ಹಾರ್ಮೋನು ಮುಲಾಮು ಮಗುವಿಗೆ ತಗುಲಿದೆಯೋ ಎಂದು ಹುಡುಕಬೇಕು. ಅದಕ್ಕೆ ಹೊಟ್ಟೆಯ ಸೋನೋಗ್ರಫಿ. ಮೆದುಳಿನ ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಆರರೊಳಗೆ ಶುರುವಾಗಿದ್ದರೆ, ಇಲ್ಲವೆ ತಲೆನೋವು, ವಾಂತಿ, ಕಣ್ಣು ಮಂಜು ಇದ್ದರೆ ಮಾಡಿಸಲೇಬೇಕು. ಹೆಣ್ಣುಮಕ್ಕಳಲ್ಲಿ ಹೆಚ್ಚಿನ ಸಲ ಯಾವ ಕಾರಣವೂ ಸಿಗುವುದಿಲ್ಲ. ಕೋಳಿ ತಿಂದದ್ದಕ್ಕೆ, ಟಿವಿ ನೋಡಿದ್ದಕ್ಕೆ ಎಂದು ಮಗುವನ್ನು ಬೈಯುವುದು ಬೇಡ.

ಔಷಧಿ ಇದೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಪಿಟ್ಯುಟರಿಯನ್ನು ಸುಮ್ಮನಿರಿಸಲಿಕ್ಕೆ. ನಿಲ್ಲಿಸಿದ ಮೇಲೆ ಬೆಳವಣಿಗೆ ಬಿಟ್ಟಲ್ಲಿಂದ ಮತ್ತೆ ಶುರುವಾಗುತ್ತದೆ, ಮುಟ್ಟೂ ಬರುತ್ತದೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಸುಳ್ಳು. ಆರರೊಳಗಿನವರಿಗೆ ಎತ್ತರ ಉಳಿಸುವುದರಲ್ಲಿ ಇದರ ಲಾಭ ಹೆಚ್ಚು. ಆರರಿಂದ ಎಂಟರವರಿಗೆ ವೇಗ ನೋಡಿ ತೀರ್ಮಾನಿಸುತ್ತಾರೆ. ನಿಧಾನವಾಗಿದ್ದರೆ ಮೂರರಿಂದ ಆರು ತಿಂಗಳು ಬಿಟ್ಟು ಮತ್ತೆ ಅಳೆಯುತ್ತಾರೆ. ಎಂಟು ದಾಟಿ ಶುರುವಾದವರಿಗೆ ಎತ್ತರದ ಸಲುವಾಗಿ ಈ ಇಂಜೆಕ್ಷನ್ ಮಾಡಿಸುವುದು ನನ್ನ ಲೆಕ್ಕದಲ್ಲಿ ದುಡ್ಡು ದಂಡ.

ಈ ವಾರ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗು. ಅವರು ಬರೆದುಕೊಟ್ಟರೆ ಮಕ್ಕಳ ಹಾರ್ಮೋನು ಡಾಕ್ಟರರು ಪುಣೆಯಲ್ಲಿ ಸಿಗುತ್ತಾರೆ. ಹೋಗುವಾಗ ಜನನ ಪ್ರಮಾಣಪತ್ರ ಒಯ್ಯಿ. ಶಾಲೆಗೆ ಹಾಕುವ ಅವಸರದಲ್ಲಿ ಅಜ್ಜ ಬರೆಸಿದ ಜೂನ್ 1ರ ತಾರೀಖು ಇಲ್ಲಿ ನಡೆಯುವುದಿಲ್ಲ, ಆರು ತಿಂಗಳ ತಪ್ಪಾದರೂ ಡಾಕ್ಟರರ ಲೆಕ್ಕವೆಲ್ಲ ತಿರುಗುಮುರುಗಾಗುತ್ತದೆ. ಶಾಲೆಯ ಎತ್ತರದ ಅಳತೆಗಳು, ಗಂಟು ಮೊದಲು ಕಂಡ ತಿಂಗಳು, ನಿನಗೆ ಯಾವ ವಯಸ್ಸಿಗೆ ಮುಟ್ಟಾಯಿತು, ನಿಮ್ಮಿಬ್ಬರ ಎತ್ತರ ಎಷ್ಟು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೋ. ಸಾಧ್ಯವಾದರೆ ಅತ್ತಿಯನ್ನೂ ಕರಕೊಂಡು ಹೋಗು, ಡಾಕ್ಟರರ ಬಾಯಿಂದಲೇ ಅವರೂ ಕೇಳಲಿ. ಎಕ್ಸ್‌ರೇ ಆದ ದಿನ ನನಗೆ ಫೋನ್ ಮಾಡು.

ಇಂತು ನಿನ್ನ ಚಿಗವ್ವ