ಹುಡುಕಾಟದ ಜಾಹೀರಾತಿಗೆ ಹೆಚ್ಚು ಜಾಗ: ಸೈಟ್‌ಲಿಂಕ್, ಕಾಲ್‌ಔಟ್, ಕಾಲ್

ಚಿಕ್ಕಮಗಳೂರಿನ ಹತ್ತಿರ ಹೋಮ್‌ಸ್ಟೇ ನಡೆಸುವವರೊಬ್ಬರು ಗೂಗಲ್‌ನಲ್ಲಿ ಜಾಹೀರಾತು ಹಾಕುತ್ತಾರೆ ಎಂದುಕೊಳ್ಳಿ. ಶೀರ್ಷಿಕೆ, ವಿವರಣೆ ಬರೆದು ಬಿಟ್ಟರೆ ಅಷ್ಟೇ ಕಾಣುತ್ತದೆ. ಅದರ ಕೆಳಗೆ ಕೊಂಡಿಗಳು, ಚಿಕ್ಕ ಮಾತುಗಳು, ಫೋನ್ ಗುಂಡಿ ಸೇರಿಸಿದರೆ ಜಾಹೀರಾತು ಉದ್ದವಾಗುತ್ತದೆ, ಅದಕ್ಕೆ ಬೇರೆ ಶುಲ್ಕವೂ ಇಲ್ಲ. ಮೊದಲು ಎಕ್ಸ್‌ಟೆನ್ಶನ್ ಎನ್ನುತ್ತಿದ್ದ ಇವು ಗೂಗಲ್ ಆ್ಯಡ್ಸ್‌ನಲ್ಲಿ ಈಗ Assets ಎಂಬ ಹೆಸರಿನಡಿ ಇವೆ.

ಮೊದಲು ಸೈಟ್‌ಲಿಂಕ್. ಬರೆಯುವ ಮುನ್ನ, ಗಿರಾಕಿಗಳು ಫೋನಿನಲ್ಲಿ ಪದೇ ಪದೇ ಏನು ಕೇಳುತ್ತಾರೆ ಎಂದು ನೆನಪಿಸಿಕೊಳ್ಳಿ. ಬಾಡಿಗೆ ಎಷ್ಟು, ಊಟ ಏನು, ಕೋಣೆ ಹೇಗಿದೆ, ದಾರಿ ಯಾವುದು. ಒಂದೊಂದು ಪ್ರಶ್ನೆಗೆ ಒಂದೊಂದು ಕೊಂಡಿ: ‘ಕೋಣೆಗಳ ಬಾಡಿಗೆ’, ‘ಮಲೆನಾಡಿನ ಊಟ’, ‘ಕೋಣೆಗಳ ಫೋಟೊ’, ‘ಬರುವ ದಾರಿ’. ಕೊಂಡಿಯ ಪಠ್ಯಕ್ಕೆ 25 ಅಕ್ಷರಗಳ ಮಿತಿಯಿದೆ. ಕನ್ನಡದಲ್ಲಿ ಕಣ್ಣಳತೆ ನಂಬದೆ, ಪೆಟ್ಟಿಗೆಯ ಪಕ್ಕದ ಎಣಿಕೆ ನೋಡಿ. ಪ್ರತಿ ಕೊಂಡಿಯೂ ಬೇರೆ ಪುಟಕ್ಕೇ ಹೋಗಬೇಕು. ನಾಲ್ಕನ್ನೂ ಮುಖಪುಟಕ್ಕೆ ಕಟ್ಟಿದರೆ ಗೂಗಲ್ ತಿರಸ್ಕರಿಸುತ್ತದೆ.

ಕೊಂಡಿಯ ಕೆಳಗೆ 35 ಅಕ್ಷರಗಳ ಎರಡು ವಿವರಣೆ ಸಾಲುಗಳಿವೆ. ಕಡ್ಡಾಯವಲ್ಲ ಎಂದು ಬಹಳ ಮಂದಿ ಖಾಲಿ ಬಿಡುತ್ತಾರೆ, ಆದರೆ ಜಾಗ ಹೆಚ್ಚುವುದು ಇಲ್ಲಿಯೇ. ಅವನ್ನು ತುಂಬಿದರೆ ಕೊಂಡಿಗಳು ವಿವರಣೆ ಸಮೇತ ದೊಡ್ಡದಾಗಿ ಕಾಣಬಲ್ಲವು. ‘ಮಲೆನಾಡಿನ ಊಟ’ದ ಕೆಳಗೆ ‘ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯ’ ಎಂದಿದ್ದರೆ, ‘ರುಚಿಕರ ಭೋಜನ’ ಎಂಬುದಕ್ಕಿಂತ ಅದನ್ನೇ ಜನ ಒತ್ತುತ್ತಾರೆ.

ಕಾಲ್‌ಔಟ್ ಒತ್ತಲಾಗದ ಬರಿಯ ಪಠ್ಯ. ಇದಕ್ಕೂ 25 ಅಕ್ಷರ. ‘ಉತ್ತಮ ಸೇವೆ’ ಎನ್ನುವುದು ಜಾಗ ದಂಡ. ‘ಕಾರು ನಿಲ್ಲಿಸಲು ಜಾಗವಿದೆ’, ‘ಎಲ್ಲ ಕೋಣೆಗೂ ಬಿಸಿನೀರು’ ಎಂಬಂಥ, ಪರೀಕ್ಷಿಸಿ ನೋಡಬಹುದಾದ ಮಾತು ಬರೆಯಿರಿ. ಶೀರ್ಷಿಕೆಯಲ್ಲಿ ಹೇಳಿದ್ದನ್ನು ಮತ್ತೆ ಹೇಳಬೇಡಿ.

ಕಾಲ್‌ಗೆ ಬಂದಾಗ ದುಡ್ಡಿನ ವಿಷಯ ಗಮನಿಸಿ. ಫೋನ್ ಗುಂಡಿ ಒತ್ತಿದರೂ ಶೀರ್ಷಿಕೆ ಒತ್ತಿದಂತೆಯೇ ಹಣ ಕಡಿತವಾಗುತ್ತದೆ, ಈ ಕಡೆ ಯಾರೂ ಎತ್ತದಿದ್ದರೂ ಸಹ. ಹಾಗಾಗಿ ವೇಳಾಪಟ್ಟಿಯಲ್ಲಿ ಫೋನ್ ಹತ್ತಿರ ಜನರಿರುವ ಹೊತ್ತನ್ನಷ್ಟೇ, ಬೆಳಗ್ಗೆ 9ರಿಂದ ರಾತ್ರಿ 8 ಎಂಬಂತೆ, ತುಂಬಿ. ನಂಬರನ್ನು ವಿವರಣೆಯಲ್ಲಿ ಬರೆದರೆ ಜಾಹೀರಾತೇ ತಿರಸ್ಕೃತವಾಗುತ್ತದೆ. ಅದಕ್ಕೆ ಜಾಗ ಈ ಗುಂಡಿಯಲ್ಲಿ ಮಾತ್ರ.

ಎಲ್ಲ ಸೇರಿಸಿದರೂ ಪ್ರತಿ ಸಲ ಕಾಣುವುದಿಲ್ಲ. ಯಾವುದನ್ನು ತೋರಿಸಬೇಕೆಂದು ಗೂಗಲ್ ಆಯಾ ಹುಡುಕಾಟದ ಹೊತ್ತಿಗೆ ನಿರ್ಧರಿಸುತ್ತದೆ. ಜಾಹೀರಾತು ಕೆಳಗಿನ ಸ್ಥಾನದಲ್ಲಿದ್ದರೆ ಇವು ಕಾಣುವುದು ಕಡಿಮೆ.

ಕೆಲವು ವಾರ ಕಳೆದ ಮೇಲೆ ವರದಿ ನೋಡುವಾಗ ಒಂದು ಎಚ್ಚರ. ‘ಬರುವ ದಾರಿ’ಯ ಎದುರಿಗೆ ಕಾಣುವ ಕ್ಲಿಕ್‌ಗಳೆಲ್ಲ ಅದರದ್ದಲ್ಲ, ಅದು ಕಾಣಿಸಿಕೊಂಡಾಗ ಶೀರ್ಷಿಕೆಗೆ ಬಿದ್ದ ಕ್ಲಿಕ್‌ಗಳೂ ಅಲ್ಲಿ ಸೇರಿರುತ್ತವೆ. ಸೆಗ್‌ಮೆಂಟ್‌ನಲ್ಲಿ This asset vs. Other ಆರಿಸಿದರೆ ಆ ಕೊಂಡಿಗೇ ಬಿದ್ದದ್ದೆಷ್ಟು ಎಂದು ಬೇರೆಯಾಗಿ ತಿಳಿಯುತ್ತದೆ. ಏನೂ ಬೀಳದ ಕೊಂಡಿಯನ್ನು ತೆಗೆದು, ಗಿರಾಕಿಗಳು ಕೇಳುವ ಇನ್ನೊಂದು ಪ್ರಶ್ನೆಗೆ ಆ ಜಾಗ ಕೊಡಿ.